ಹದಿನಾಲ್ಕರ ನಂತರ, ಇಪ್ಪತ್ತರ ಮೊದಲು: ಗಿರಾಕಿಗಳಿಗಾಗಿ ಒಂದು ವೆಬಿನಾರ್ ನಡೆಸುವ ಬಗೆ

ದಾವಣಗೆರೆಯಲ್ಲಿ ಬಿಲ್ಲಿಂಗ್ ತಂತ್ರಾಂಶ ಮಾರುವ ಒಂದು ಸಣ್ಣ ಕಂಪನಿ ಇದೆ ಎಂದುಕೊಳ್ಳಿ. ಆರು ಜನ ನೌಕರರು. ಹಾರ್ಡ್‌ವೇರ್, ಬಟ್ಟೆ, ಔಷಧ, ಕಿರಾಣಿ ಸಗಟು ಅಂಗಡಿಗಳವರು ಇವರ ಗಿರಾಕಿಗಳು. ಹೊಸ ಗಿರಾಕಿ ಬೇಕೆಂದರೆ ಇಲ್ಲಿಯವರೆಗೆ ಒಬ್ಬ ಹುಡುಗ ಬೈಕ್ ಹತ್ತಿ ಹರಿಹರ, ರಾಣೆಬೆನ್ನೂರು, ಚಿತ್ರದುರ್ಗ ಎಂದು ಅಂಗಡಿ ಅಂಗಡಿ ಸುತ್ತುತ್ತಿದ್ದ. ಈಗ ಮಾಲೀಕರಿಗೆ ವೆಬಿನಾರ್ ಮಾಡಬೇಕೆನ್ನಿಸಿದೆ. ಇಂಥ ಕಂಪನಿಗಳ ಜೊತೆ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಇಂಥವರು ಮೊದಲು ಬರೆಯುವ ವಿಷಯ ಹೆಚ್ಚಾಗಿ 'ನಮ್ಮ ತಂತ್ರಾಂಶದ ಹೊಸ ಸೌಲಭ್ಯಗಳು' ಎಂಬುದೇ. ಅದಕ್ಕೆ ಹದಿಮೂರು ಜನ ಬರುತ್ತಾರೆ. ಅವರಲ್ಲಿ ನಾಲ್ವರು ಕಂಪನಿಯ ನೌಕರರೇ ಆಗಿರುತ್ತಾರೆ.

ಈ ಲೇಖನದಲ್ಲಿ ಅದೇ ಕಂಪನಿಯನ್ನು ಇಟ್ಟುಕೊಂಡು ವಿಷಯ ಹುಡುಕುವುದರಿಂದ ಹಿಡಿದು ವೆಬಿನಾರ್ ಮುಗಿದ ಮೇಲಿನ ಫೋನ್ ಕರೆಯವರೆಗೆ ಹೋಗೋಣ. ಅಂಕಿಗಳು ಲೆಕ್ಕ ತಿಳಿಯಲೆಂದು ಊಹಿಸಿಕೊಂಡವು. ನಿಮ್ಮ ವ್ಯಾಪಾರ ಬೇರೆಯಾಗಿದ್ದರೆ ತಾರೀಖುಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ವಿಷಯ ಇರುವುದು ಫೋನ್ ಎತ್ತುವವರ ಬಳಿ

ವಿಷಯಕ್ಕಾಗಿ ಮಾಲೀಕರ ಕೋಣೆಯಲ್ಲಿ ಸಭೆ ಸೇರಬೇಡಿ. ಗಿರಾಕಿಗಳ ಫೋನ್ ಎತ್ತುವ ಹುಡುಗಿಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಎರಡು ದಿನ ಕೂರಿ. ಬಂದ ಪ್ರತಿ ಕರೆಯನ್ನೂ ಗಿರಾಕಿ ಹೇಳಿದ ಮಾತಿನಲ್ಲೇ ಒಂದು ಸಾಲಿನಲ್ಲಿ ಬರೆದುಕೊಳ್ಳಿ. 'ಇನ್‌ಪುಟ್ ತೆರಿಗೆ ಹೊಂದಾಣಿಕೆ ಸಮಸ್ಯೆ' ಎಂದು ಸಂಸ್ಕರಿಸಿ ಬರೆದರೆ ಕೆಲಸ ಕೆಟ್ಟಿತು. ಗಿರಾಕಿ ಹೇಳಿರುವುದು ಹೀಗೆ: 'ನಾನು ದುಡ್ಡು ಕಟ್ಟಿ ಮಾಲು ತಂದಿದ್ದೇನೆ, ಬಿಲ್ ಕೈಯಲ್ಲಿದೆ, ಆದರೆ 2ಬಿಯಲ್ಲಿ ಕಾಣುತ್ತಿಲ್ಲ, ಈಗ ನಾನೇನು ಮಾಡಲಿ?' ಈ ಸಾಲೇ ನಿಮ್ಮ ವೆಬಿನಾರಿನ ಶೀರ್ಷಿಕೆ.

ಜಿಎಸ್‌ಟಿಯ ಒಳಹೊರಗು ತಿಳಿಯದವರಿಗಾಗಿ ಇದನ್ನು ಸ್ವಲ್ಪ ಬಿಡಿಸುತ್ತೇನೆ. ವಿಷಯ ಎಷ್ಟು ಕಿರಿದಾಗಿರಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ಹಾರ್ಡ್‌ವೇರ್ ಅಂಗಡಿಯವರು 1,00,000 ರೂಪಾಯಿಯ ಮಾಲು ತಂದು, ಅದರ ಮೇಲೆ 18,000 ರೂಪಾಯಿ ತೆರಿಗೆ ಕೊಟ್ಟಿದ್ದಾರೆ. ತಮ್ಮ ಮಾರಾಟದ ತೆರಿಗೆ ಕಟ್ಟುವಾಗ ಈ 18,000ವನ್ನು ಅದರಿಂದ ಕಡಿತ ಮಾಡಿಕೊಳ್ಳಬಹುದು. ಆದರೆ 2022ರ ಜನವರಿಯಿಂದ ಒಂದು ಬಿಗಿಯಿದೆ: ಆ ಬಿಲ್ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಯಲ್ಲಿ ಕಂಡರೆ ಮಾತ್ರ ಕಡಿತ ಮಾಡಿಕೊಳ್ಳಬಹುದು. ಮಾಲು ಕೊಟ್ಟವರು ಸಲ್ಲಿಸಿದ ಬಿಲ್ ವಿವರಗಳಿಂದ ಈ ಪಟ್ಟಿ ಜಿಎಸ್‌ಟಿ ಜಾಲತಾಣದಲ್ಲಿ ತಿಂಗಳ 14ರಂದು ತಯಾರಾಗುತ್ತದೆ. ತಿಂಗಳಿಗೊಮ್ಮೆ ವಿವರ ಸಲ್ಲಿಸುವವರು ತೆರಿಗೆ ಕಟ್ಟಿ 3ಬಿ ಎಂಬ ವಿವರಪಟ್ಟಿ ಸಲ್ಲಿಸುವ ಗಡುವು 20. ನಡುವಿನ ಈ ಐದಾರು ದಿನಗಳಲ್ಲಿ ನಮ್ಮ ಕಂಪನಿಯ ಫೋನಿಗೆ ಬಿಡುವಿರುವುದಿಲ್ಲ.

ಹಾಗಾಗಿ ವಿಷಯ 'ಜಿಎಸ್‌ಟಿ ಬಗ್ಗೆ ಎಲ್ಲವೂ' ಎಂದಲ್ಲ, '2ಬಿ ಬಗ್ಗೆ ತಿಳಿಯಿರಿ' ಎಂದೂ ಅಲ್ಲ. 'ಬಿಲ್ ಕೈಯಲ್ಲಿದೆ, 2ಬಿಯಲ್ಲಿ ಇಲ್ಲ: ನಾಲ್ಕು ಕಾರಣಗಳು, ನಾಲ್ಕು ದಾರಿಗಳು' ಎಂದು. ಕಾರಣಗಳು ಹೀಗಿವೆ: ಮಾಲು ಕೊಟ್ಟವರು ತಮ್ಮ ವಿವರವನ್ನೇ ಸಲ್ಲಿಸಿಲ್ಲ; ಸಲ್ಲಿಸಿದ್ದಾರೆ, ಆದರೆ ಗಡುವು ಮೀರಿ ಸಲ್ಲಿಸಿದ್ದರಿಂದ ಮುಂದಿನ ತಿಂಗಳ ಪಟ್ಟಿಗೆ ಹೋಗಿದೆ; ಅವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವವರು, ನಡುವಿನ ತಿಂಗಳಲ್ಲಿ 13ರೊಳಗೆ ಬಿಲ್‌ಗಳನ್ನು ಏರಿಸುವ ಐಚ್ಛಿಕ ಸೌಲಭ್ಯ ಬಳಸಿಲ್ಲ; ಇಲ್ಲವೇ ನಿಮ್ಮ ಜಿಎಸ್‌ಟಿ ಸಂಖ್ಯೆಯನ್ನು ತಪ್ಪಾಗಿ ಬರೆದಿದ್ದಾರೆ. ನಾಲ್ಕಕ್ಕೂ ದಾರಿ ಬೇರೆ ಬೇರೆ. ಒಂದು ಗಂಟೆಗೆ ಇಷ್ಟು ಸಾಕು.

ವಿಷಯ ಸರಿಯಿದೆಯೇ ಎಂದು ನೋಡಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ಶೀರ್ಷಿಕೆಯನ್ನು ಮೂವರು ಗಿರಾಕಿಗಳಿಗೆ ಫೋನಿನಲ್ಲಿ ಓದಿ ಹೇಳಿ. 'ಒಳ್ಳೆಯದು, ಮಾಡಿ' ಎಂದರೆ ಅದು ಸೌಜನ್ಯ ಮಾತ್ರ. 'ಯಾವತ್ತು?' ಎಂದು ಕೇಳಿದರೆ ವಿಷಯ ಸಿಕ್ಕಿದೆ. ನಿಮ್ಮ ತಂತ್ರಾಂಶದ ಹೆಸರು ಶೀರ್ಷಿಕೆಯಲ್ಲಿ ಇರಬಾರದು, ಆದರೆ ವಿಷಯ ಅದಕ್ಕೆ ತೀರಾ ದೂರವೂ ಇರಬಾರದು. ಇಲ್ಲಿ ಖರೀದಿ ಬಿಲ್‌ಗಳನ್ನು 2ಬಿಯೊಂದಿಗೆ ತಾಳೆ ನೋಡುವ ಕೆಲಸವನ್ನು ತಂತ್ರಾಂಶ ಮಾಡುತ್ತದೆ. ಅದಕ್ಕೇ ಈ ವಿಷಯ ಮಾರಾಟಕ್ಕೂ ಒದಗುತ್ತದೆ. ಆದಾಯ ತೆರಿಗೆ ಉಳಿಸುವ ಬಗ್ಗೆ ವೆಬಿನಾರ್ ಮಾಡಿದ್ದರೆ ಜನ ಇನ್ನೂ ಹೆಚ್ಚು ಬರುತ್ತಿದ್ದರು, ಕೊಳ್ಳುವವರು ಯಾರೂ ಇರುತ್ತಿರಲಿಲ್ಲ.

ತಾರೀಖು, ಗಂಟೆ, ಮಾತನಾಡುವವರು

ಈ ವಿಷಯಕ್ಕೆ ತಾರೀಖು ತಾನಾಗಿಯೇ ಸಿಗುತ್ತದೆ. 14ಕ್ಕೆ ಮೊದಲು ಮಾಡಿದರೆ ನೋಡುವವರ ಕೈಯಲ್ಲಿ ಪಟ್ಟಿಯೇ ಇರುವುದಿಲ್ಲ. 18ರಿಂದ 20ರವರೆಗೆ ಲೆಕ್ಕ ಬರೆಯುವವರು ತಲೆ ಎತ್ತುವುದಿಲ್ಲ, ಜಿಎಸ್‌ಟಿ ಜಾಲತಾಣವೂ ಆ ದಿನಗಳಲ್ಲಿ ಏದುಸಿರು ಬಿಡುತ್ತದೆ. ಉಳಿದಿದ್ದು 15, 16, 17. ನಾವು 16 ಎಂದಿಟ್ಟುಕೊಳ್ಳೋಣ. ಭಾನುವಾರ ಬಿದ್ದರೆ 17.

ಗಂಟೆಯ ವಿಷಯದಲ್ಲಿ ಬೆಂಗಳೂರಿನ ಐಟಿ ಕಂಪನಿಗಳ ಅಭ್ಯಾಸವನ್ನು ನಕಲು ಮಾಡಬೇಡಿ. ಬೆಳಿಗ್ಗೆ ಹನ್ನೊಂದು ಅಂಗಡಿಯವರಿಗೆ ವ್ಯಾಪಾರದ ಹೊತ್ತು. ಸಂಜೆ ಏಳಕ್ಕೂ ಹಾಗೆಯೇ. ಊಟವಾದ ಮೇಲೆ ಮೂರರಿಂದ ನಾಲ್ಕೂವರೆಯ ನಡುವೆ ಗಲ್ಲಾಪೆಟ್ಟಿಗೆಯ ಮುಂದೆ ಜನ ಕಡಿಮೆ. ನನ್ನ ಅನುಭವದಲ್ಲಿ ಸಗಟು ವ್ಯಾಪಾರಿಗಳಿಗೆ ಮಧ್ಯಾಹ್ನ 3:15 ಹೊಂದುತ್ತದೆ. ನಿಮ್ಮ ಗಿರಾಕಿಗಳು ಶಾಲಾ ಶಿಕ್ಷಕರೋ ರೈತರೋ ಆಗಿದ್ದರೆ ಅವರ ದಿನಚರಿಯನ್ನು ಅವರನ್ನೇ ಕೇಳಿ.

ಮಾತನಾಡಲು ಊರಿನ ಒಬ್ಬ ತೆರಿಗೆ ಸಲಹೆಗಾರರನ್ನು ಕರೆಯಿರಿ. ಅವರ ಮಾತಿಗೆ ಮಾರುವವರ ಮಾತಿಗಿಲ್ಲದ ತೂಕವಿದೆ. ಜೊತೆಗೆ ಅವರ ಬಳಿ ಲೆಕ್ಕ ಒಪ್ಪಿಸುವ ಹತ್ತಾರು ಅಂಗಡಿಯವರೂ ಬರುತ್ತಾರೆ. ಆದರೆ ಮೊದಲೇ ಎರಡು ಮಾತು ಸ್ಪಷ್ಟವಾಗಿರಲಿ: ಸಂಭಾವನೆ ಎಷ್ಟು ಎಂಬುದು, ಮತ್ತು ಅವರು ತಂತ್ರಾಂಶವನ್ನು ಹೊಗಳಬೇಕಾಗಿಲ್ಲ ಎಂಬುದು. ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಕಡೆ ಸಲಹೆಗಾರರಿಂದ ಹೊಗಳಿಸುವ ಸಾಲುಗಳನ್ನು ಬರೆದುಕೊಟ್ಟರು. ಅವರು ಅದನ್ನು ಓದಿದ ಎರಡು ನಿಮಿಷ ಯಾರಿಗೂ, ಅವರಿಗೂ ಸೇರಿ, ಹಿತವಾಗಿರಲಿಲ್ಲ.

ಆಹ್ವಾನ: ಯಾರಿಗೆ, ಯಾವ ದಾರಿಯಲ್ಲಿ

ಹತ್ತು ದಿನ ಮೊದಲು, ಅಂದರೆ 6ನೇ ತಾರೀಖಿನ ಹೊತ್ತಿಗೆ ಆಹ್ವಾನ ಹೊರಡಬೇಕು. ಮೂರು ಗುಂಪುಗಳಿಗೆ. ಮೊದಲನೆಯದು ಈಗಿನ ಗಿರಾಕಿಗಳು; ಇವರಿಗೆ ಹೊಸದಾಗಿ ಮಾರುವುದೇನಿಲ್ಲ, ಆದರೆ ಇವರು ಪಕ್ಕದಂಗಡಿಯವರನ್ನು ಕರೆತರುತ್ತಾರೆ. ಎರಡನೆಯದು ಹಿಂದೆ ಬೆಲೆ ವಿಚಾರಿಸಿ ಕೊಳ್ಳದೇ ಹೋದವರು. ಮಾರಾಟದ ದೃಷ್ಟಿಯಿಂದ ಈ ಗುಂಪೇ ಮುಖ್ಯ. ಮೂರನೆಯದು ವರ್ತಕರ ಸಂಘ ಮತ್ತು ತೆರಿಗೆ ಸಲಹೆಗಾರರು. ಸಂಘದ ಕಾರ್ಯದರ್ಶಿ ತಮ್ಮ ವಾಟ್ಸ್‌ಆಪ್ ಗುಂಪಿನಲ್ಲಿ ಒಂದು ಸಾಲು ಹಾಕಿದರೆ ನಿಮ್ಮ ಹತ್ತು ಜಾಹೀರಾತಿಗೆ ಸಮ. ಅವರಿಗೆ ಸಂದೇಶ ಕಳುಹಿಸಿ ಸುಮ್ಮನಾಗಬೇಡಿ, ಹೋಗಿ ಭೇಟಿಯಾಗಿ.

ಐದು ಸಾವಿರ ನಂಬರುಗಳ ಪಟ್ಟಿಯನ್ನು ಮಾರಲು ಯಾರಾದರೂ ಬರುತ್ತಾರೆ. ಕೊಳ್ಳಬೇಡಿ. ಒಪ್ಪಿಗೆ ಕೊಡದವರ ನಂಬರಿಗೆ ಸಂದೇಶ ಕಳುಹಿಸಿದರೆ ಅವರು ನಿಮ್ಮನ್ನು ಬ್ಲಾಕ್ ಮಾಡಿ ದೂರುತ್ತಾರೆ, ದೂರು ಹೆಚ್ಚಾದರೆ ವಾಟ್ಸ್‌ಆಪ್ ನಿಮ್ಮ ನಂಬರನ್ನೇ ನಿಲ್ಲಿಸಬಹುದು. ಗಿರಾಕಿಗಳು ದಿನವೂ ಬಳಸುವ ನಂಬರೇ ಹೋದರೆ ವೆಬಿನಾರಿಗಿಂತ ದೊಡ್ಡ ಕಷ್ಟ. ವೈಯಕ್ತಿಕ ಮಾಹಿತಿಯ ಬಗ್ಗೆ 2023ರಲ್ಲಿ ಬಂದ ಕಾನೂನು ಕೂಡ ಒಪ್ಪಿಗೆಯನ್ನೇ ಆಧಾರವಾಗಿ ನೋಡುತ್ತದೆ.

ವಾಟ್ಸ್‌ಆಪಿನಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳುಹಿಸಿದ ಸಂದೇಶ, ನಿಮ್ಮ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಒಂದು ಪಟ್ಟಿಗೆ 256 ಜನರ ಮಿತಿಯೂ ಇದೆ. ಬೆಲೆ ವಿಚಾರಿಸಿ ಹೋದವರು ನಿಮ್ಮ ನಂಬರು ಉಳಿಸಿಕೊಂಡಿರುವುದು ಅಪರೂಪ. 'ಎಲ್ಲರಿಗೂ ಕಳುಹಿಸಿದ್ದೇವೆ ಸರ್' ಎಂದು ಹುಡುಗ ಹೇಳುತ್ತಾನೆ, ಅವರಲ್ಲಿ ಮುಖ್ಯವಾದ ಅರ್ಧ ಜನರಿಗೆ ಹೋಗಿಯೇ ಇರುವುದಿಲ್ಲ. ಸಂದೇಶದ ವಿವರ ತೆರೆದರೆ ಯಾರಿಗೆ ತಲುಪಿದೆ ಎಂದು ತಿಳಿಯುತ್ತದೆ. ತಲುಪದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ. ಎಸ್‌ಎಂಎಸ್ ದಾರಿ ಹಿಡಿಯುವುದಾದರೆ ಕಳುಹಿಸುವವರ ಹೆಸರು ಮತ್ತು ಸಂದೇಶದ ಮಾದರಿ ಎರಡನ್ನೂ ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ತಾಣದಲ್ಲಿ ಮೊದಲೇ ನೋಂದಾಯಿಸಿರಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ; ವೆಬಿನಾರಿನ ಹಿಂದಿನ ದಿನ ನೆನಪಾದರೆ ಪ್ರಯೋಜನವಿಲ್ಲ. ಇಮೇಲ್ ಕಳುಹಿಸಲು ಮಾಮೂಲಿ ಜಿಮೇಲ್ ಖಾತೆ ದಿನಕ್ಕೆ 500 ಜನರವರೆಗೆ ಬಿಡುತ್ತದೆ, ಈ ಕಂಪನಿಗೆ ಅಷ್ಟು ಸಾಕು. ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುವಂತೆ ಮಾತ್ರ ಕಳುಹಿಸಬೇಡಿ.

ಸಂದೇಶ ಚಿಕ್ಕದಾಗಿರಲಿ. ಮಾಲೀಕರ ಭಾವಚಿತ್ರ, ದೊಡ್ಡ ಲಾಂಛನ, ಮೂಲೆಯಲ್ಲಿ ಸಣ್ಣ ಅಕ್ಷರದ ವಿಷಯ ಇರುವ ಭಿತ್ತಿಚಿತ್ರ ಬೇಡ. ನಾನಾದರೆ ಹೀಗೆ ಬರೆಯುತ್ತೇನೆ:

'ನಮಸ್ಕಾರ. ತೆರಿಗೆ ಕೊಟ್ಟು ಮಾಲು ತಂದಿದ್ದೀರಿ, ಬಿಲ್ ಕೈಯಲ್ಲಿದೆ, ಆದರೆ 2ಬಿಯಲ್ಲಿ ಕಾಣುತ್ತಿಲ್ಲವೇ? ಇದಕ್ಕೆ ನಾಲ್ಕು ಕಾರಣಗಳಿರುತ್ತವೆ. ಯಾವ ಕಾರಣಕ್ಕೆ ಯಾವ ದಾರಿ ಎಂಬುದನ್ನು ಊರಿನ ತೆರಿಗೆ ಸಲಹೆಗಾರರೊಬ್ಬರು ಪರದೆಯ ಮೇಲೆ ತೋರಿಸಿ ಕನ್ನಡದಲ್ಲಿ ವಿವರಿಸುತ್ತಾರೆ. 16ರಂದು ಮಧ್ಯಾಹ್ನ 3:15ರಿಂದ 4:15. ಶುಲ್ಕವಿಲ್ಲ. ಕೊನೆಯ ಭಾಗದಲ್ಲಿ ಐದು ನಿಮಿಷ ನಮ್ಮ ತಂತ್ರಾಂಶದ ಪರಿಚಯವೂ ಇರುತ್ತದೆ. ಹೆಸರು ನೋಂದಾಯಿಸಲು ಈ ಕೊಂಡಿ ಒತ್ತಿ.'

ಐದು ನಿಮಿಷದ ಸಾಲನ್ನು ತೆಗೆದುಬಿಡೋಣ ಎಂದು ಮಾಲೀಕರು ಹೇಳುತ್ತಾರೆ. ಬಿಡಬೇಡಿ. ಮೊದಲೇ ಹೇಳಿದ ಐದು ನಿಮಿಷವನ್ನು ಜನ ಸಹಿಸುತ್ತಾರೆ, ಹೇಳದೆ ತಂದ ಎರಡು ನಿಮಿಷಕ್ಕೆ ಎದ್ದುಹೋಗುತ್ತಾರೆ.

ನೋಂದಣಿ ನಮೂನೆಯಲ್ಲಿ ಹೆಸರು, ಮೊಬೈಲ್, ಇಮೇಲ್, ಊರು, ಮತ್ತು ಒಂದೇ ಒಂದು ಪ್ರಶ್ನೆ: 'ಹೋದ ತಿಂಗಳು 2ಬಿಯಲ್ಲಿ ನಿಮಗೆ ಎದುರಾದ ತೊಂದರೆ ಏನು?' ಕನ್ನಡದಲ್ಲೋ ಇಂಗ್ಲಿಷ್ ಅಕ್ಷರಗಳಲ್ಲೋ ಹೇಗೆ ಬೇಕಾದರೂ ಬರೆಯಬಹುದು ಎಂದು ಪಕ್ಕದಲ್ಲಿ ತಿಳಿಸಿ. ಇಡೀ ಕೆಲಸದಲ್ಲಿ ನಿಮಗೆ ಸಿಗುವ ಅತ್ಯಂತ ಬೆಲೆಬಾಳುವ ಸಾಮಗ್ರಿ ಈ ಉತ್ತರಗಳು. ಕೆಳಗೆ ಒಂದು ಚೌಕ ಇರಲಿ: ಈ ವಿಷಯದ ಬಗ್ಗೆ ನನಗೆ ಮುಂದೆಯೂ ಸಂದೇಶ ಕಳುಹಿಸಬಹುದು. ಅದನ್ನು ಮೊದಲೇ ಟಿಕ್ ಮಾಡಿ ಇಡಬೇಡಿ.

ಸಣ್ಣ ವ್ಯಾಪಾರಿಗಳು ಕೊನೆಯ ಎರಡು ದಿನಗಳಲ್ಲಿ ನೋಂದಾಯಿಸುತ್ತಾರೆ. 12ರಂದು ಹದಿನೆಂಟೇ ಹೆಸರಿದ್ದರೆ ಗಾಬರಿಯಾಗಿ ಜಾಹೀರಾತಿಗೆ ಹಣ ಸುರಿಯಬೇಡಿ. ನೋಂದಾಯಿಸಿದವರಿಗೆ ಹಿಂದಿನ ಸಂಜೆ ಒಮ್ಮೆ, ಒಂದು ಗಂಟೆ ಮೊದಲು ಒಮ್ಮೆ ನೆನಪೋಲೆ ಹೋಗಲಿ. ಹಿಂದಿನ ಸಂಜೆಯ ಸಂದೇಶದಲ್ಲಿ 'ನಿಮ್ಮ 2ಬಿಯನ್ನು ಇಳಿಸಿಕೊಂಡು ಪಕ್ಕದಲ್ಲಿ ಇಟ್ಟುಕೊಳ್ಳಿ' ಎಂದು ಸೇರಿಸಿ. ಕೈಯಲ್ಲಿ ಕೆಲಸ ಹಿಡಿದು ಕೂತವರು ನಡುವೆ ಏಳುವುದು ಕಡಿಮೆ.

ಉಪಕರಣ ಮತ್ತು ತಾಲೀಮು

ಜೂಮ್‌ನಲ್ಲಿ ಉಚಿತ ಖಾತೆಯ ಸಭೆ 40 ನಿಮಿಷಕ್ಕೆ ನಿಲ್ಲುತ್ತದೆ, ಹೆಸರು ನೋಂದಾಯಿಸಿಕೊಳ್ಳುವ ಸೌಲಭ್ಯವೂ ಅದರಲ್ಲಿಲ್ಲ. ಹಣ ಕೊಟ್ಟ ಖಾತೆಯ ಮಾಮೂಲಿ ಸಭೆಯಲ್ಲಿ ನೂರು ಜನ ಹಿಡಿಸುತ್ತಾರೆ, ನೋಂದಣಿ ಸಿಗುತ್ತದೆ. ವೆಬಿನಾರ್ ಎಂಬ ಪ್ರತ್ಯೇಕ ಪರವಾನಗಿಗೆ ಇನ್ನೂ ಹಣ. ಅದರಲ್ಲಿ ನೋಡುವವರ ಮೈಕು, ಕ್ಯಾಮೆರಾ ಮುಚ್ಚಿಯೇ ಇರುತ್ತವೆ, ಪ್ರಶ್ನೆಗಳಿಗೆ ಬೇರೆ ಫಲಕ ಇರುತ್ತದೆ. ಮೊದಲ ಸಲಕ್ಕೆ ಮಾಮೂಲಿ ಸಭೆ ಸಾಕು, ಎಲ್ಲರ ಮೈಕನ್ನೂ ಮುಚ್ಚಿ, ತಾವಾಗಿ ತೆರೆಯದಂತೆ ಹೊಂದಿಸಿಕೊಳ್ಳಿ. ಇಲ್ಲವಾದರೆ ಯಾರದೋ ಅಂಗಡಿಯ ಕಬ್ಬಿಣ ಕತ್ತರಿಸುವ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ. ಯೂಟ್ಯೂಬ್ ನೇರಪ್ರಸಾರ ಉಚಿತ, ಆದರೆ ಯಾರು ನೋಡಿದರು ಎಂಬ ಹೆಸರು ಸಿಗುವುದಿಲ್ಲ. ಹೆಸರು ಸಿಗದಿದ್ದರೆ ಮಾರುಕಟ್ಟೆ ಕೆಲಸವಾಗಿ ಅದು ಅರ್ಧಕ್ಕೇ ನಿಂತಂತೆ.

ಸಂಘದ ಗುಂಪಿಗೆ ನೋಂದಣಿಯ ಕೊಂಡಿಯನ್ನೇ ಕೊಡಿ. ನೋಂದಾಯಿಸಿದ ಒಬ್ಬರಿಗೆ ಬಂದ ಒಳಬರುವ ಕೊಂಡಿ ಗುಂಪಿಗೆ ಬಿದ್ದರೆ, ಹತ್ತು ಜನ ಆ ಒಬ್ಬರ ಹೆಸರಿನಲ್ಲೇ ಒಳಗೆ ಬರಬಹುದು. ವರದಿ ಕೈಗೆ ಬಂದಾಗ ಯಾರು ಯಾರೆಂದು ತಿಳಿಯದು.

ಮೂರು ಜನ ಬೇಕು: ಮಾತನಾಡುವವರು, ನಡೆಸುವವರು, ಪ್ರಶ್ನೆ ನೋಡಿಕೊಳ್ಳುವವರು. ಪ್ರಶ್ನೆ ನೋಡಿಕೊಳ್ಳಲು ಆ ಫೋನ್ ಎತ್ತುವ ಹುಡುಗಿಗಿಂತ ಯೋಗ್ಯರಿಲ್ಲ. ಒಬ್ಬರನ್ನು ಸಹ ನಿರ್ವಾಹಕರನ್ನಾಗಿ ಮಾಡಿ ಬೇರೆ ಕಟ್ಟಡದಲ್ಲಿ, ಬೇರೆ ಇಂಟರ್ನೆಟ್ಟಿನಲ್ಲಿ ಕೂರಿಸಿ. ಕಚೇರಿಯಲ್ಲಿ ಕರೆಂಟ್ ಹೋದರೂ ಸಭೆ ನಡೆಯುತ್ತಿರುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಎಂದು ನಿಶ್ಚಿಂತೆಯಾಗಿರುವವರು ರೂಟರಿಗೆ ಬ್ಯಾಟರಿ ಇಲ್ಲ ಎಂಬುದನ್ನು ಮರೆಯುತ್ತಾರೆ. ರೂಟರನ್ನು ಯುಪಿಎಸ್‌ಗೆ ಸಿಕ್ಕಿಸಿ.

ತಾಲೀಮು ಹಿಂದಿನ ದಿನ ಅದೇ 3:15ಕ್ಕೆ ನಡೆಯಲಿ. ಒಬ್ಬರು ಹೊರಗೆ ರಸ್ತೆಯಲ್ಲಿ ನಿಂತು ಮೊಬೈಲ್ ಡೇಟಾದಲ್ಲಿ, ಸಾಧಾರಣ ಫೋನಿನಲ್ಲಿ ಸಭೆಗೆ ಬರಲಿ. ಬರುವವರಲ್ಲಿ ಹೆಚ್ಚಿನವರು ಹೀಗೆಯೇ ನೋಡುವುದು. ಲ್ಯಾಪ್‌ಟಾಪಿನ ಪರದೆ ಅಲ್ಲಿ ಅಂಗೈಯಷ್ಟು ಕಾಣುತ್ತದೆ. ಬ್ರೌಸರಿನ ಅಕ್ಷರವನ್ನು ಶೇ. 150ಕ್ಕೆ ಏರಿಸದಿದ್ದರೆ ಬಿಲ್ ಸಂಖ್ಯೆ ಓದಲಾಗುವುದಿಲ್ಲ. ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪುಗಳ ಧ್ವನಿ ತೆರೆದಿದ್ದರೆ ಮಾತು ಸುತ್ತಿ ಸುತ್ತಿ ಕೂಗುತ್ತದೆ. ಒಂದನ್ನು ಮುಚ್ಚಿ.

ಪರದೆಯ ಮೇಲೆ ಜಾಲತಾಣವನ್ನು ನೇರವಾಗಿ ತೆರೆಯುವ ಧೈರ್ಯ ಮಾಡಬೇಡಿ. ಅದು ನಿಧಾನವಾಗಬಹುದು, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹೊರಗೆ ಹಾಕುತ್ತದೆ. ಅದಕ್ಕಿಂತ ಗಂಭೀರವಾದ ಕಾರಣವೂ ಇದೆ. ಗಿರಾಕಿಯೊಬ್ಬರ ಖಾತೆ ತೆರೆದು ತೋರಿಸಿದರೆ ಅವರು ಯಾರಿಂದ ಎಷ್ಟಕ್ಕೆ ಮಾಲು ತರುತ್ತಾರೆ ಎಂಬುದು ಅದೇ ಊರಿನ ಎದುರಂಗಡಿಯವರಿಗೆ ಕಾಣುತ್ತದೆ. ಹೆಸರು, ಸಂಖ್ಯೆ ಎಲ್ಲವನ್ನೂ ಅಳಿಸಿ, ಕಲ್ಪಿತ ಅಂಕಿ ಹಾಕಿದ ಪರದೆಯ ಚಿತ್ರಗಳನ್ನು ಮೊದಲೇ ತಯಾರಿಸಿ. ದಾರಿ ಹೇಳುವಾಗ ಪರದೆಯಲ್ಲಿ ಇರುವ ಇಂಗ್ಲಿಷ್ ಪದವನ್ನೇ ಹೇಳಿ: `Services`, ಅದರೊಳಗೆ `Returns`, ಅದರೊಳಗೆ `Returns Dashboard`. ಇದನ್ನು 'ಸೇವೆಗಳು' ಎಂದು ಕನ್ನಡಿಸಿದರೆ ಹುಡುಕುವವರಿಗೆ ಸಿಗುವುದಿಲ್ಲ.

ಆ ಒಂದು ಗಂಟೆ

3:15 ಎಂದರೆ 3:15. 'ಇನ್ನೂ ಕೆಲವರು ಬರುತ್ತಿದ್ದಾರೆ, ಐದು ನಿಮಿಷ ಕಾಯೋಣ' ಎಂದರೆ ಸಮಯಕ್ಕೆ ಬಂದವರಿಗೆ ಶಿಕ್ಷೆ. ದೀಪ ಬೆಳಗುವುದು, ಸ್ವಾಗತ ಭಾಷಣ, ಕಂಪನಿಯ ಇತಿಹಾಸ ಯಾವುದೂ ಬೇಡ. ನೋಂದಣಿಯಲ್ಲಿ ಬಂದ ಒಂದು ಪ್ರಶ್ನೆಯನ್ನು, ಬರೆದವರ ಹೆಸರು ಹೇಳದೆ ಓದಿ ಶುರುಮಾಡಿ: 'ರಾಣೆಬೆನ್ನೂರಿನಿಂದ ಒಬ್ಬರು ಕೇಳಿದ್ದಾರೆ, ಸಪ್ಲೈಯರ್ ಬಿಲ್ ಹಾಕಿದ್ದೇನೆ ಎನ್ನುತ್ತಾರೆ, ನನಗೆ ಕಾಣುತ್ತಿಲ್ಲ, ಯಾರು ಸುಳ್ಳು ಹೇಳುತ್ತಿರುವುದು?' ನೂರು ಕಿಲೋಮೀಟರ್ ಸುತ್ತಲಿನ ವ್ಯಾಪಾರಿಗಳೆಲ್ಲ ಕಿವಿ ನೆಟ್ಟಗೆ ಮಾಡುತ್ತಾರೆ. ಉತ್ತರವೂ ಚೆನ್ನಾಗಿದೆ: ಹಲವು ಸಲ ಯಾರೂ ಸುಳ್ಳು ಹೇಳುತ್ತಿಲ್ಲ. ಅವರು ಗಡುವು ಮೀರಿ ಹಾಕಿದ್ದಾರೆ, ಮುಂದಿನ ತಿಂಗಳು ಕಾಣುತ್ತದೆ.

ಕೂಡಲೇ ಒಂದು ಸಣ್ಣ ಮತ ಕೇಳಿ: ಹೋದ ತಿಂಗಳು ನಿಮ್ಮ ಎಷ್ಟು ಬಿಲ್‌ಗಳು 2ಬಿಯಲ್ಲಿ ಕಾಣಲಿಲ್ಲ? ಒಂದೂ ಇಲ್ಲ, ಐದರೊಳಗೆ, ಐದಕ್ಕಿಂತ ಹೆಚ್ಚು, ನೋಡಿಯೇ ಇಲ್ಲ. ಈ ಉತ್ತರ ಮುಂದೆ ಯಾರಿಗೆ ಮೊದಲು ಫೋನ್ ಮಾಡಬೇಕು ಎಂದು ಹೇಳುತ್ತದೆ. 'ಐದಕ್ಕಿಂತ ಹೆಚ್ಚು' ಎಂದವರಿಗೆ ಕೈಯಿಂದ ತಾಳೆ ನೋಡುವುದು ಸಾಕಾಗಿರುತ್ತದೆ. ನನಗೆ ಕುತೂಹಲ ಹುಟ್ಟಿಸುವುದು 'ನೋಡಿಯೇ ಇಲ್ಲ' ಎನ್ನುವವರು. ಅವರಿಗೆ ತಂತ್ರಾಂಶ ಮಾರುವ ಮೊದಲು ಅವರ ಲೆಕ್ಕ ಬರೆಯುವವರ ಜೊತೆ ಮಾತನಾಡಬೇಕು.

ನಂತರ ನಾಲ್ಕು ಕಾರಣಗಳಿಗೆ ಸುಮಾರು ಇಪ್ಪತ್ತೈದು ನಿಮಿಷ. ತಂತ್ರಾಂಶದ ಐದು ನಿಮಿಷವನ್ನು ಎಲ್ಲಿ ಇಡಬೇಕು ಎಂಬುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ: ತೀರಾ ಕೊನೆಗೆ ಬೇಡ. ಪ್ರಶ್ನೋತ್ತರ ಮುಗಿಯುತ್ತಿದ್ದಂತೆ ಜನ ಕಳಚಿಕೊಳ್ಳುತ್ತಾರೆ. ನಾಲ್ಕು ಕಾರಣಗಳನ್ನು ಹೇಳಿ ಮುಗಿಸಿ, ಪ್ರಶ್ನೆಗಳನ್ನು ತೆಗೆದುಕೊಳ್ಳುವ ಮೊದಲು ತೋರಿಸಿ. ಸಲಹೆಗಾರರು ಆಗತಾನೆ ಕೈಯಿಂದ ತಾಳೆ ನೋಡಿದ ಅದೇ ಮೂವತ್ತು ಬಿಲ್‌ಗಳನ್ನು ತಂತ್ರಾಂಶದಲ್ಲಿ ಹಾಕಿ ಹೊಂದದವನ್ನು ಬೇರ್ಪಡಿಸಿ. ಬೆಲೆ ಹೇಳಿ. ಬೆಲೆ ಮುಚ್ಚಿಟ್ಟು 'ನಮ್ಮನ್ನು ಸಂಪರ್ಕಿಸಿ' ಎಂದರೆ ವ್ಯಾಪಾರಿಗಳಿಗೆ ಅದರ ಅರ್ಥ ಚೆನ್ನಾಗಿ ಗೊತ್ತು.

ಪ್ರಶ್ನೋತ್ತರಕ್ಕೆ ಇಪ್ಪತ್ತು ನಿಮಿಷ ಉಳಿಯಬೇಕು. 'ಪ್ರಶ್ನೆ ಕೇಳಿ' ಎಂದಾಗ ಮೌನ ಆವರಿಸಿದರೆ ನೋಂದಣಿಯ ಪ್ರಶ್ನೆಗಳಿಂದ ಎರಡು ತೆಗೆಯಿರಿ, ಮೂರನೆಯದು ತಾನಾಗಿ ಬರುತ್ತದೆ. ಇನ್ನೊಂದು ಅಪಾಯ ಇದರ ವಿರುದ್ಧದ್ದು: ತಮಗೆ ಬಂದ ನೋಟಿಸನ್ನು ಇಡಿಯಾಗಿ ಓದಿ ಹೇಳುವವರು. ಅದಕ್ಕೆ ಸಭೆಯಲ್ಲಿ ಉತ್ತರ ಕೊಡುವುದು ಸಲಹೆಗಾರರಿಗೂ ಸರಿಯಲ್ಲ, ಪೂರ್ತಿ ಕಾಗದ ನೋಡದೆ ಹೇಳಿದ ಮಾತು ಆಮೇಲೆ ಕೊರಳಿಗೆ ಸುತ್ತಿಕೊಳ್ಳುತ್ತದೆ. ನಡೆಸುವವರು ಸೌಜನ್ಯದಿಂದ, 'ಇದು ಕಾಗದ ನೋಡಿ ಹೇಳಬೇಕಾದ ವಿಷಯ ಸರ್, ನಾಳೆ ನಿಮಗೆ ಫೋನ್ ಮಾಡಿಸುತ್ತೇವೆ' ಎಂದು ಬರೆದುಕೊಂಡು ಮುಂದೆ ಹೋಗಲಿ. ಮತ್ತು ನಾಳೆ ನಿಜವಾಗಿಯೂ ಫೋನ್ ಮಾಡಿಸಲಿ.

ವರದಿ ಓದುವುದು

ಸಭೆ ಮುಗಿದ ಮೇಲೆ ಹಾಜರಾತಿಯ ವರದಿ ಇಳಿಸಿಕೊಳ್ಳಿ. ಅದರಲ್ಲಿ 64 ಸಾಲುಗಳಿವೆ ಎಂದುಕೊಳ್ಳಿ. ಮಾಲೀಕರು '64 ಜನ!' ಎಂದು ಸಂತೋಷಪಡುವ ಮೊದಲು ಹೆಸರಿನ ಪ್ರಕಾರ ಜೋಡಿಸಿ ನೋಡಿ. ಇಂಟರ್ನೆಟ್ ಕಡಿದು ಮತ್ತೆ ಬಂದವರಿಗೆ ಪ್ರತಿ ಸಲವೂ ಹೊಸ ಸಾಲು ಬೀಳುತ್ತದೆ. ಸೇರಿಸಿದರೆ 47 ಜನ. ಒಬ್ಬೊಬ್ಬರ ನಿಮಿಷಗಳನ್ನೂ ಹೀಗೆಯೇ ಕೂಡಿಸಿ.

ಆಮೇಲೆ ಜನ ಯಾವ ನಿಮಿಷದಲ್ಲಿ ಎದ್ದರು ಎಂದು ನೋಡಿ. ತಂತ್ರಾಂಶದ ಪರಿಚಯ ಶುರುವಾದ ಎರಡು ನಿಮಿಷದಲ್ಲಿ ಹತ್ತು ಜನ ಹೋಗಿದ್ದರೆ ಅದು ಉದ್ದವಾಯಿತು ಇಲ್ಲವೇ ವಿಷಯಕ್ಕೆ ಅಂಟಲಿಲ್ಲ. ಮೂರನೆಯ ಕಾರಣದ ನಡುವೆ ಹೋಗಿದ್ದರೆ ವಿವರಣೆ ಬಿಗಿಯಾಗಿತ್ತು. ಮೊದಲ ಐದು ನಿಮಿಷದಲ್ಲೇ ಹೋಗಿದ್ದರೆ ಧ್ವನಿ ಕೇಳಿಸಲಿಲ್ಲ ಎಂದು ಅನುಮಾನಿಸಿ, ಅಂಥ ಒಬ್ಬರಿಗೆ ಫೋನ್ ಮಾಡಿ ಕೇಳಿ.

ನಂತರದ ವಾರ

ಅದೇ ಸಂಜೆ, ಅಂಗಡಿ ಮುಚ್ಚುವ ಮೊದಲು, ನೋಂದಾಯಿಸಿದ ಎಲ್ಲರಿಗೂ ಒಂದು ಪುಟದ ಟಿಪ್ಪಣಿ ಹೋಗಬೇಕು: ನಾಲ್ಕು ಕಾರಣ, ನಾಲ್ಕು ದಾರಿ, ಸಪ್ಲೈಯರಿಗೆ ಕಳುಹಿಸಲು ಎರಡು ಸಾಲಿನ ಸಂದೇಶದ ಮಾದರಿ. ಜೊತೆಗೆ ಧ್ವನಿಮುದ್ರಣದ ಕೊಂಡಿ, ಯಾವ ಕಾರಣ ಎಷ್ಟನೇ ನಿಮಿಷದಲ್ಲಿದೆ ಎಂಬ ಸೂಚನೆ. ಅವರಿಗೆ ಇದು 20ರೊಳಗೆ ಬೇಕು. ಧ್ವನಿಮುದ್ರಣವನ್ನು ಕತ್ತರಿಸಿ, ಸಂಗೀತ ಸೇರಿಸಿ, 22ಕ್ಕೆ ಕಳುಹಿಸಿದರೆ ಮಳೆ ನಿಂತ ಮೇಲೆ ಕೊಡೆ ಕೊಟ್ಟಂತೆ. ನೋಂದಾಯಿಸಿ ಬಾರದವರಿಗೂ ಕಳುಹಿಸಿ; 'ನೀವು ಬರಲಿಲ್ಲ' ಎಂದು ಬರೆಯಬೇಡಿ.

17ರಂದು, ಉತ್ತರ ಸಿಗದ ಪ್ರಶ್ನೆಗಳನ್ನು ಕೇಳಿದವರಿಗೆ ಫೋನ್. ಇದರಲ್ಲಿ ಮಾರಾಟದ ಮಾತು ಒಂದೂ ಇರಬಾರದು. 18ರಿಂದ 20ರವರೆಗೆ ಯಾರಿಗೂ ಕರೆ ಮಾಡಬೇಡಿ. ಕರ್ನಾಟಕದಲ್ಲಿ ಮೂರು ತಿಂಗಳಿಗೊಮ್ಮೆ 3ಬಿ ಸಲ್ಲಿಸುವವರ ಗಡುವು 22. ಅದು ಗಡುವಿನ ತಿಂಗಳಾಗಿದ್ದರೆ ಇನ್ನೂ ಎರಡು ದಿನ ತಡೆಯಿರಿ. ಆಗ ಮಾರಾಟದ ಕರೆ 23ರಿಂದ.

ಕರೆಯ ಪಟ್ಟಿಯನ್ನು ಹೀಗೆ ಜೋಡಿಸಿ. 47 ಜನರಲ್ಲಿ ಈಗಾಗಲೇ ಗಿರಾಕಿಗಳಾದವರು 19. ಉಳಿದ 28ರಲ್ಲಿ ಪ್ರಶ್ನೆ ಕೇಳಿದವರು ಅಥವಾ ಮತದಲ್ಲಿ 'ಐದಕ್ಕಿಂತ ಹೆಚ್ಚು' ಎಂದವರು 11. ಮೊದಲ ಎರಡು ದಿನ ಈ 11 ಜನರಿಗೆ ಮಾತ್ರ. ಕೊನೆಯವರೆಗೂ ಇದ್ದು ಏನೂ ಕೇಳದವರು 9, ಇವರಿಗೆ ನಂತರ. ಬೇಗ ಹೋದ 8 ಜನರಿಗೆ ಕರೆ ಬೇಡ, ಮುಂದಿನ ಆಹ್ವಾನ ಸಾಕು.

'ವೆಬಿನಾರ್ ಹೇಗಿತ್ತು ಸರ್?' ಎಂದು ಶುರುಮಾಡಿದರೆ 'ಚೆನ್ನಾಗಿತ್ತು' ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅವರ ಪ್ರಶ್ನೆಯಿಂದಲೇ ಶುರುಮಾಡಬೇಕು.

'ನಮಸ್ಕಾರ ಸರ್, 16ರ ವೆಬಿನಾರಿನಲ್ಲಿ ನೀವು ಪೇಂಟ್ ಕಂಪನಿಯ ಬಿಲ್ ಬಗ್ಗೆ ಕೇಳಿದ್ದಿರಿ. ಅದು 2ಬಿಯಲ್ಲಿ ಏಕೆ ಬರಲಿಲ್ಲ ಎಂದು ತಿಳಿಯಿತೇ?'

'ಹೂಂ ಅಮ್ಮಾ, ತಿಳಿಯಿತು. ಅವರು ಮೂರು ತಿಂಗಳಿಗೊಮ್ಮೆ ಹಾಕುವವರಂತೆ.'

'ಹಾಗಾದರೆ ಮುಂದಿನ ತಿಂಗಳು 13ರೊಳಗೆ ಏರಿಸಲು ಅವರಿಗೆ ಒಂದು ಸಂದೇಶ ಹಾಕಿ ಸರ್. ಅಂಥ ಸಪ್ಲೈಯರ್ ನಿಮಗೆ ಎಷ್ಟು ಜನ ಇದ್ದಾರೆ?'

'ಅದೇ ಗೊತ್ತಾಗುತ್ತಿಲ್ಲ ನೋಡಿ.'

ಇಲ್ಲಿಗೆ ಬಂದ ಮೇಲೆ ಅವರ ಹೋದ ತಿಂಗಳ ಖರೀದಿಯನ್ನೇ ಹಾಕಿ ತೋರಿಸುವುದಾಗಿ ಹೇಳಬಹುದು. ಹನ್ನೊಂದರಲ್ಲಿ ನಾಲ್ವರು ತೋರಿಸಿ ಎಂದು, ಇಬ್ಬರು ಆ ತಿಂಗಳೇ ಕೊಂಡರೆ ಮೊದಲ ಪ್ರಯತ್ನಕ್ಕೆ ನಾನು ಅದನ್ನು ಸರಿಯಾದ ಫಲ ಎನ್ನುತ್ತೇನೆ. ತಂತ್ರಾಂಶದ ಬೆಲೆ 9,000 ರೂಪಾಯಿ ಆಗಿದ್ದರೆ ಬಂದಿದ್ದು 18,000. ಖರ್ಚಿನ ಕಡೆ ಸಲಹೆಗಾರರ ಸಂಭಾವನೆ 5,000, ಖಾತೆಯ ಶುಲ್ಕ ಮತ್ತು ಸಂದೇಶಗಳಿಗೆ 3,000, ಮೂವರ ಸುಮಾರು ನಾಲ್ಕು ದಿನಗಳ ದುಡಿಮೆಗೆ 12,000 ಎಂದರೆ 20,000. ನೌಕರರ ಸಮಯವನ್ನು ಬಿಟ್ಟು ಲಾಭ ತೋರಿಸುವ ಲೆಕ್ಕ ಮಾಲೀಕರಿಗೆ ಹಿತವಾಗಿರುತ್ತದೆ, ನಿಜವಾಗಿರುವುದಿಲ್ಲ. ಕೊಳ್ಳುವ ತೀರ್ಮಾನ ಮುಂದಿನ 3ಬಿ ಗಡುವಿನ ತಲೆನೋವಿನಲ್ಲಿ ಆಗುವುದೂ ಉಂಟು, ಹಾಗಾಗಿ ಮೂರು ತಿಂಗಳವರೆಗೆ ಪಟ್ಟಿಯನ್ನು ತೆರೆದಿಟ್ಟು, ಆಗ ಲೆಕ್ಕ ಹಾಕಿ. ಒಟ್ಟು ಗಿರಾಕಿ, ವಿಚಾರಿಸಿದವರು ಸೇರಿ ನಿಮ್ಮ ಬಳಿ ಇರುವುದು ಅರವತ್ತೇ ಹೆಸರಾದರೆ ಇಷ್ಟೆಲ್ಲ ಬೇಡ. ಅರವತ್ತು ಜನರಿಗೂ ಫೋನ್ ಮಾಡುವುದು ಅಗ್ಗ.

ಇನ್ನೊಂದು ಕೆಲಸ ಉಳಿದಿದೆ. ನೋಂದಣಿಯಲ್ಲಿ, ಸಭೆಯಲ್ಲಿ, ಕರೆಗಳಲ್ಲಿ ಬಂದ ಎಲ್ಲ ಪ್ರಶ್ನೆಗಳನ್ನು ಒಂದೇ ಹಾಳೆಗೆ ಇಳಿಸಿ, ಒಂದೇ ಬಗೆಯವನ್ನು ಒಟ್ಟಿಗೆ ಇಟ್ಟು ಎಣಿಸಿ. ಒಂಬತ್ತು ಜನ ವಾಪಸು ಕೊಟ್ಟ ಮಾಲಿನ ಕ್ರೆಡಿಟ್ ನೋಟು ಎಲ್ಲಿ ಕಾಣುತ್ತದೆ ಎಂದು ಕೇಳಿದ್ದರೆ ಮುಂದಿನ ತಿಂಗಳ 16ಕ್ಕೆ ವಿಷಯ ಸಿದ್ಧವಿದೆ. ಆಹ್ವಾನದ ಮೊದಲ ಒಂಬತ್ತು ಹೆಸರುಗಳೂ ಅಲ್ಲೇ ಇವೆ.